ಕುರ್ಚಿಯ ಹಿಂದೆ ನಿಲ್ಲುವವರನ್ನು ಆರಿಸುವುದು ಹೇಗೆ?

ಕುಷ್ಟಗಿ ತಾಲ್ಲೂಕಿನ ತಾವರಗೇರಾದಂಥ ಊರಿನಲ್ಲಿ ಕಟಿಂಗ್ ಅಂಗಡಿಗೋ ಬ್ಯೂಟಿ ಪಾರ್ಲರಿಗೋ ಹೊಸಬರನ್ನು ಸೇರಿಸಿಕೊಳ್ಳುವ ಕ್ರಮ ಎಲ್ಲರಿಗೂ ಗೊತ್ತಿರುವಂಥದ್ದೇ. ಗುರುತಿನವರು ಒಬ್ಬರು ಫೋನ್ ಮಾಡಿ, ‘ನಮ್ಮ ಹುಡುಗ ಅದಾನ್ರಿ, ಕೆಲಸ ಛಲೋ ಮಾಡ್ತಾನ’ ಅನ್ನುತ್ತಾರೆ. ಹುಡುಗ ಮರುದಿನ ಬರುತ್ತಾನೆ. ಎಲ್ಲಿ ಕೆಲಸ ಮಾಡಿದ್ದೆ, ಎಷ್ಟು ವರ್ಷ ಮಾಡಿದ್ದೆ, ಎಷ್ಟು ಕೊಡಬೇಕು ಎಂಬ ಮೂರು ಮಾತು ಮುಗಿಯುವಷ್ಟರಲ್ಲಿ ಅವನ ಕೈಗೆ ಟ್ರಿಮ್ಮರ್ ಬಂದಿರುತ್ತದೆ. ಅವನ ಕೆಲಸ ಹೇಗಿದೆ ಎಂಬುದು ದುಡ್ಡು ಕೊಡುವ ಗಿರಾಕಿಯ ತಲೆಯ ಮೇಲೆಯೇ ಗೊತ್ತಾಗಬೇಕು. ಕೆಟ್ಟರೆ ಆ ಗಿರಾಕಿ ಮತ್ತೆ ಬರುವುದಿಲ್ಲ. ಯಾಕೆ ಬರಲಿಲ್ಲ ಎಂದು ಮಾಲೀಕರಿಗೆ ತಿಳಿಯುವುದೂ ಇಲ್ಲ.

ಮೇಲಿನ ಮೂರು ಪ್ರಶ್ನೆಗಳಲ್ಲಿ ನಾವು ಹೆಚ್ಚು ನಂಬುವುದು ‘ಎಷ್ಟು ವರ್ಷ’ ಎಂಬುದನ್ನು. ನೇಮಕಾತಿಯ ಬಗ್ಗೆ ನಡೆದ ಸಂಶೋಧನೆಗಳು ಹೇಳುವುದು ಬೇರೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ 85 ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 1998ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಆ ಲೆಕ್ಕಗಳನ್ನು ತಿದ್ದಿದರು. ಅಂಕಿಗಳು ಬದಲಾದರೂ ಎರಡು ಮಾತು ಉಳಿದುಕೊಂಡವು. ಎಲ್ಲರಿಗೂ ಒಂದೇ ಪ್ರಶ್ನೆಗಳನ್ನು ಒಂದೇ ಕ್ರಮದಲ್ಲಿ ಕೇಳಿ ಅಂಕ ಕೊಡುವ ಸಂದರ್ಶನ, ಮತ್ತು ಮುಂದೆ ಮಾಡಬೇಕಾದ ಕೆಲಸವನ್ನೇ ಮಾಡಿಸಿ ನೋಡುವ ಪರೀಕ್ಷೆ, ಇವೆರಡೂ ಅಭ್ಯರ್ಥಿಯನ್ನು ಚೆನ್ನಾಗಿ ಅಳೆಯುತ್ತವೆ. ಅನುಭವದ ವರ್ಷಗಳನ್ನು ಎಣಿಸುವುದರಿಂದ ತಿಳಿಯುವುದು ಬಹಳ ಕಡಿಮೆ. ಹತ್ತು ವರ್ಷ ಒಂದೇ ತಪ್ಪನ್ನು ಮಾಡುತ್ತ ಬಂದವರಿಗೂ ಹತ್ತು ವರ್ಷದ ಅನುಭವ ಇರುತ್ತದೆ.

ಹಾಗಾದರೆ ಎರಡು ಕುರ್ಚಿಯ ಅಂಗಡಿಯೊಂದು ಇವೆರಡನ್ನೂ ಹೇಗೆ ನಡೆಸಬೇಕು? ಒಬ್ಬರಿಗೆ ಅರ್ಧ ದಿನ ಕೊಟ್ಟರೆ ಸಾಕು. ನಮ್ಮ ಕಡೆ ಬಹಳಷ್ಟು ಕ್ಷೌರದಂಗಡಿಗಳು ಮಂಗಳವಾರ ಬಂದ್ ಇರುತ್ತವೆ. ಗಿರಾಕಿಗಳ ಗದ್ದಲವಿಲ್ಲದ ಆ ದಿನವೇ ಪರೀಕ್ಷೆಗೆ ಅನುಕೂಲ.

ತಲೆ ಕೊಡುವವರು ಯಾರು?

ಪರೀಕ್ಷೆಗೆ ನಿಜವಾದ ತಲೆ ಬೇಕು. ಪ್ಲಾಸ್ಟಿಕ್ ಬೊಂಬೆಗೆ ಕತ್ತರಿ ಹಾಕಿಸಿದರೆ ಕೈಚಳಕ ಕಾಣುತ್ತದೆ. ಆದರೆ ಬೊಂಬೆ ಮಾತಾಡುವುದಿಲ್ಲ, ಅಲುಗುವುದಿಲ್ಲ, ಅದರ ಕುತ್ತಿಗೆಯಲ್ಲಿ ಮೊಡವೆಯೂ ಇರುವುದಿಲ್ಲ. ಮಾಲೀಕರ ಪರಿಚಯದ ಒಬ್ಬರನ್ನು ಒಪ್ಪಿಸಬೇಕು. ಇದು ಪರೀಕ್ಷೆ, ಕೆಟ್ಟರೆ ನಾನೇ ಸರಿಮಾಡಿ ಕೊಡುತ್ತೇನೆ, ದುಡ್ಡು ಬೇಡ ಎಂದು ಅವರಿಗೆ ಮೊದಲೇ ಹೇಳಬೇಕು. ಹೇಳದೆ ಗಿರಾಕಿಯ ಮೇಲೆ ಪ್ರಯೋಗ ಮಾಡುವುದು ತಪ್ಪು.

ತಲೆ ಕೊಡುವವರಿಗೆ ಒಂದು ಮಾತನ್ನು ಹೇಳಿಕೊಟ್ಟಿರಬೇಕು. ಕುರ್ಚಿಯಲ್ಲಿ ಕುಳಿತ ಮೇಲೆ ಅವರು ‘ಸ್ವಲ್ಪ ಸಣ್ಣ ಮಾಡ್ರಿ’ ಎನ್ನಬೇಕು, ಅಷ್ಟೇ. ಪರೀಕ್ಷೆ ಶುರುವಾಗುವುದು ಇಲ್ಲಿಂದ. ಅಭ್ಯರ್ಥಿ ತಕ್ಷಣ ಟ್ರಿಮ್ಮರ್ ಹಚ್ಚಿದರೆ ಅದನ್ನು ಬರೆದುಕೊಳ್ಳಿ. ಒಳ್ಳೆಯ ಕೆಲಸಗಾರ ಬಾಚಣಿಕೆಯಿಂದ ಕೂದಲು ಎತ್ತಿ ಹಿಡಿದು, ‘ಇಷ್ಟು ತೆಗೀಲ್ರಿ ಅಣ್ಣಾರ, ಇಲ್ಲಾ ಇನ್ನೂ ಮ್ಯಾಲೆ?’ ಎಂದು ಕನ್ನಡಿಯಲ್ಲಿ ತೋರಿಸಿ ಕೇಳುತ್ತಾನೆ. ಹಿಂದಿನ ಸಲ ಯಾವಾಗ ಕಟಿಂಗ್ ಆಗಿತ್ತು ಎಂದು ವಿಚಾರಿಸುತ್ತಾನೆ. ನೆತ್ತಿಯ ಸುಳಿ ಒಂದೋ ಎರಡೋ ನೋಡುತ್ತಾನೆ. ಎರಡು ಸುಳಿ ಇದ್ದವರ ನೆತ್ತಿಯ ಕೂದಲನ್ನು ಬಹಳ ಗಿಡ್ಡ ಮಾಡಿದರೆ ಅದು ನೆಟ್ಟಗೆ ನಿಲ್ಲುತ್ತದೆ, ಯಾವ ಎಣ್ಣೆಗೂ ಮಲಗುವುದಿಲ್ಲ. ಗಿರಾಕಿ ಮೊಬೈಲಿನಲ್ಲಿ ಸಿನಿಮಾ ನಟನ ಫೋಟೊ ತೋರಿಸಿದಾಗ ‘ಆಗ್ತದ್ರಿ’ ಎನ್ನುವ ಮೊದಲು ಈ ತಲೆಗೆ ಅದು ಕೂಡುತ್ತದೆಯೇ ಎಂದು ಹೇಳಬಲ್ಲವನೇ ಬೇಕಾದವನು.

ಕೈ ಹೇಳುವ ಸತ್ಯ

ಈಗ ಹುಡುಗರು ಹೆಚ್ಚಾಗಿ ಕೇಳುವುದು ಫೇಡ್. ಕಿವಿಯ ಸುತ್ತ ಚರ್ಮ ಕಾಣುವಷ್ಟು ಸಣ್ಣ, ಮೇಲೆ ಹೋದಂತೆ ದಟ್ಟ. ಇದನ್ನೇ ಮಾಡಿಸಬೇಕು, ಏಕೆಂದರೆ ಇದರಲ್ಲಿ ತಪ್ಪು ಮುಚ್ಚಿಡಲು ಬರುವುದಿಲ್ಲ. ಟ್ರಿಮ್ಮರಿನ ಗಾರ್ಡುಗಳಲ್ಲಿ ಸಾಮಾನ್ಯವಾಗಿ 1ನೇ ನಂಬರು ಸುಮಾರು 3 ಮಿ.ಮೀ., 2ನೆಯದು 6 ಮಿ.ಮೀ., 3ನೆಯದು 10 ಮಿ.ಮೀ. ಕೂದಲು ಉಳಿಸುತ್ತದೆ. ಎಚ್ಚರದ ಕೆಲಸಗಾರ ದೊಡ್ಡ ನಂಬರಿನಿಂದ ಶುರುಮಾಡಿ ಸಣ್ಣದಕ್ಕೆ ಇಳಿಯುತ್ತಾನೆ. ಉಳಿಸಿದ್ದನ್ನು ಆಮೇಲೆ ತೆಗೆಯಬಹುದು, ತೆಗೆದದ್ದನ್ನು ಅಂಟಿಸಲಾಗದು.

ಒಂದು ನಂಬರು ಮುಗಿದು ಇನ್ನೊಂದು ಶುರುವಾಗುವ ಜಾಗದಲ್ಲಿ ಗೆರೆ ಉಳಿಯುತ್ತದೆ. ಆ ಗೆರೆಯನ್ನು ಕರಗಿಸುವುದೇ ಫೇಡಿನ ವಿದ್ಯೆ. ಅದು ಬಾರದವರು ಗೆರೆ ಕಂಡ ಕೂಡಲೇ ಅದೇ ಸಣ್ಣ ಗಾರ್ಡನ್ನು ಇನ್ನಷ್ಟು ಮೇಲಕ್ಕೆ ಒಯ್ಯುತ್ತಾರೆ. ಅಲ್ಲೊಂದು ಹೊಸ ಗೆರೆ ಬೀಳುತ್ತದೆ. ಅದನ್ನು ಅಳಿಸಲು ಮತ್ತೆ ಮೇಲಕ್ಕೆ ಹೋಗುತ್ತಾರೆ. ಕೊನೆಗೆ ಕಿವಿಯ ಮೇಲೆ ಎರಡು ಬೆರಳಿನಷ್ಟು ಇರಬೇಕಾದ ಫೇಡ್ ನೆತ್ತಿಯ ಹತ್ತಿರ ಹೋಗಿ ನಿಂತಿರುತ್ತದೆ. ಮುಗಿದ ಮೇಲೆ ಮಾಲೀಕರು ನೋಡಬೇಕಾದದ್ದು ಇದನ್ನೇ: ಕೇಳಿದ ಎತ್ತರದಲ್ಲೇ ಫೇಡ್ ನಿಂತಿದೆಯೇ, ಎಡ ಬಲ ಒಂದೇ ಸಮ ಇದೆಯೇ. ನೇರ ಬೆಳಕಿನಲ್ಲಿ ಗೆರೆ ಅಡಗಿಕೊಳ್ಳುತ್ತದೆ. ಗಿರಾಕಿಯನ್ನು ಬಾಗಿಲ ಹತ್ತಿರ ಕರೆದು ಪಕ್ಕದಿಂದ ಬಿಸಿಲು ಬೀಳುವಂತೆ ನಿಲ್ಲಿಸಿದರೆ ಎಲ್ಲವೂ ಹೊರಬೀಳುತ್ತದೆ.

ತಲೆಯ ಒಂದು ಬದಿ ಟ್ರಿಮ್ಮರಿನಲ್ಲಿ ಆದ ಮೇಲೆ, ಇನ್ನೊಂದು ಬದಿಯ ಮೇಲ್ಭಾಗವನ್ನು ಬರೀ ಬಾಚಣಿಕೆ, ಕತ್ತರಿಯಲ್ಲಿ ಮಾಡಲು ಹೇಳಿ. ಬೇಸಿಗೆಯಲ್ಲಿ ಕರೆಂಟ್ ಹೋಗಿ ಟ್ರಿಮ್ಮರಿನ ಚಾರ್ಜ್ ಮುಗಿದಾಗ ಅರ್ಧ ತಲೆಯ ಗಿರಾಕಿಯನ್ನು ಕೂರಿಸಿಕೊಳ್ಳಲಾಗುವುದಿಲ್ಲ. ಕತ್ತರಿಯ ಒಂದು ಅಲಗು ಬಾಚಣಿಕೆಗೆ ಆತು ಅಲುಗದೆ ನಿಂತಿರಬೇಕು, ಹೆಬ್ಬೆರಳಿನ ಅಲಗು ಮಾತ್ರ ಆಡಬೇಕು, ಬಾಚಣಿಕೆ ನಿಲ್ಲದೆ ಮೇಲಕ್ಕೆ ಸಾಗಬೇಕು. ಎರಡೂ ಅಲಗು ಆಡಿಸುವವರ ಕಟಿಂಗಿನಲ್ಲಿ ಇಲಿ ಕಡಿದಂತೆ ಹಳ್ಳ ಬೀಳುತ್ತದೆ. ಟ್ರಿಮ್ಮರ್ ಒಂದನ್ನೇ ಕಲಿತು ಬಂದವರು ಯಾರು ಎಂಬುದು ಈ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ತಲೆ ತೊಳೆಯುವುದನ್ನೂ ನೋಡಬೇಕು. ಗಡಸು ಬೋರ್ ನೀರಿನಲ್ಲಿ ಶಾಂಪೂ ಬೇಗ ನೊರೆ ಕೊಡುವುದಿಲ್ಲ. ದೊಡ್ಡ ಊರಿನಲ್ಲಿ ಕಲಿತವರು ನೊರೆ ಬರಲಿಲ್ಲವೆಂದು ಮತ್ತೆ ಮತ್ತೆ ಶಾಂಪೂ ಸುರಿಯುತ್ತಾರೆ, ತೊಳೆದ ಮೇಲೂ ಕೂದಲು ಅಂಟಂಟಾಗಿ ಉಳಿಯುತ್ತದೆ. ಇಲ್ಲಿಯ ನೀರು ಬಲ್ಲವರು ಶಾಂಪೂವನ್ನು ಮೊದಲು ಮಗ್ಗಿನಲ್ಲಿ ಕಲಸಿಕೊಂಡು ಹಾಕುತ್ತಾರೆ, ಹೆಚ್ಚು ಹೊತ್ತು ಜಾಲಾಡುತ್ತಾರೆ.

ಬ್ಲೇಡು, ಪಟಿಕ, ಕುತ್ತಿಗೆ

ಕತ್ತರಿಯ ಕೆಲಸದಲ್ಲಿ ಹಿಂದೆ ಬಿದ್ದವರನ್ನು ಮುಂದೆ ತರಬಹುದು. ಶುಚಿಯ ವಿಷಯ ಹಾಗಲ್ಲ. ಇದರಲ್ಲಿ ಸೋತವರನ್ನು ಆ ದಿನವೇ ಬೇಡ ಎನ್ನಬೇಕು, ಉಳಿದ ಅಂಕ ಎಷ್ಟೇ ಬಂದಿರಲಿ.

ದಾಡಿ ಮಾಡಲು ಹೇಳಿ, ಪಕ್ಕದಲ್ಲಿ ಹೊಸ ಬ್ಲೇಡಿನ ಪಾಕೀಟು ಇಟ್ಟು ಸುಮ್ಮನೆ ನಿಲ್ಲಿ. ಬ್ಲೇಡ್ ಬದಲಿಸು ಎಂದು ಹೇಳಕೂಡದು. ಗಿರಾಕಿಯ ಕಣ್ಣೆದುರಿಗೇ ಕಾಗದ ಬಿಚ್ಚಿ, ಮುರಿದ ಹೊಸ ಅರ್ಧ ಬ್ಲೇಡನ್ನು ಉಸ್ತರಾಕ್ಕೆ ಸೇರಿಸುವುದು ಅಭ್ಯಾಸವಾಗಿ ಬಂದಿರಬೇಕು. ಕೆಲಸ ಮುಗಿದ ಮೇಲೆ ಅದು ಮುಚ್ಚಳದ ಗಟ್ಟಿ ಡಬ್ಬಿಗೆ ಹೋಗಬೇಕು, ಕೂದಲಿನ ಜೊತೆ ಕಸದ ಬುಟ್ಟಿಗಲ್ಲ. ಟ್ರಿಮ್ಮರಿನ ಹಲ್ಲುಗಳನ್ನು ಬ್ರಶ್ಶಿನಿಂದ ಝಾಡಿಸಿ ಸ್ಪಿರಿಟ್ಟಿನಲ್ಲಿ ಒರೆಸಬೇಕು. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದ ಕಲೆಯಲ್ಲಿ ಕನಿಷ್ಠ ಏಳು ದಿನ ಬದುಕಿರಬಲ್ಲದು. ಕಣ್ಣಿಗೆ ಕಾಣದಷ್ಟು ಸಣ್ಣ ಕಲೆಯಾದರೂ ಸಾಕು.

ಪಟಿಕದ ಕಲ್ಲನ್ನು ಗಮನಿಸಿ. ದಾಡಿಯ ಮೇಲೆ ಪಟಿಕ ಉಜ್ಜುವುದು ನಮ್ಮಲ್ಲಿ ಹಳೆಯ ರೂಢಿ, ಸಣ್ಣ ಗಾಯದ ರಕ್ತವನ್ನು ಅದು ನಿಲ್ಲಿಸುತ್ತದೆ. ಆದರೆ ಒಬ್ಬರ ರಕ್ತ ತಾಗಿದ ಅದೇ ಕಲ್ಲು ಮುಂದಿನವರ ಗಲ್ಲಕ್ಕೆ ಹೋಗುತ್ತದೆ. ಪಟಿಕ ರೋಗಾಣುಗಳನ್ನೆಲ್ಲ ಕೊಲ್ಲುತ್ತದೆ ಎಂಬ ನಂಬಿಕೆ ಸರಿಯಲ್ಲ. ಪುಡಿಯನ್ನು ಹತ್ತಿಗೆ ಹಾಕಿ ಹಚ್ಚಿ, ಹತ್ತಿಯನ್ನು ಎಸೆಯುವವರು ಕೆಲಸ ತಿಳಿದವರು.

ಕೊನೆಯದು ಕುತ್ತಿಗೆ. ಕಟಿಂಗ್ ಆದ ಮೇಲೆ ತಲೆ ತಟ್ಟಿ, ಗದ್ದ ಹಿಡಿದು ಕುತ್ತಿಗೆಯನ್ನು ಎರಡೂ ಕಡೆ ಲಟಕ್ಕೆಂದು ತಿರುಗಿಸುವುದು ಅನೇಕರಿಗೆ ಗಿರಾಕಿಗೆ ಮಾಡುವ ಉಪಚಾರ. ಬಳ್ಳಾರಿ ಕಡೆಯ 30 ವರ್ಷದ ಯುವಕನೊಬ್ಬ ಹೀಗೆ ಕುತ್ತಿಗೆ ತಿರುಗಿಸಿಕೊಂಡ ಮೇಲೆ ಪಾರ್ಶ್ವವಾಯುವಿಗೆ ತುತ್ತಾದ ಸುದ್ದಿ 2024ರಲ್ಲಿ ಪತ್ರಿಕೆಗಳಲ್ಲಿ ಬಂತು. ಕುತ್ತಿಗೆಯ ರಕ್ತನಾಳದ ಒಳಪದರ ಹರಿದು ಮಿದುಳಿಗೆ ಹೋಗುವ ರಕ್ತಕ್ಕೆ ತಡೆಯಾಗಿತ್ತು. ಪರೀಕ್ಷೆಯಲ್ಲಿ ಅಭ್ಯರ್ಥಿಯ ಕೈ ಗದ್ದಕ್ಕೆ ಹೋದ ಕೂಡಲೇ ಮಾಲೀಕರು ತಡೆಯಬೇಕು. ಹೇಳಿದ ಮೇಲೆ ಒಪ್ಪಿಕೊಂಡರೆ ಸರಿ. ‘ಏನೂ ಆಗಂಗಿಲ್ರಿ, ಎಲ್ಲಾರಿಗೂ ಮಾಡ್ತೀನಿ’ ಎಂದು ವಾದಕ್ಕೆ ಇಳಿದರೆ ಅಂಥವರು ಬೇಡ.

ಬಾಯಿಂದ ಕೇಳಬೇಕಾದದ್ದು

ಕೈ ನೋಡಿದ ಮೇಲೆ ಕುಳಿತು ಮಾತಾಡಿಸಿ. ‘ಸಿಟ್ಟು ಬರುತ್ತಾ?’ ‘ನಂಬಿಕೆಯಿಂದ ಇರ್ತೀಯಾ?’ ಎಂಬಂಥ ಪ್ರಶ್ನೆಗಳಿಂದ ಏನೂ ಸಿಗದು, ಉತ್ತರ ಏನಿರಬೇಕು ಎಂಬುದು ಪ್ರಶ್ನೆಯಲ್ಲೇ ಇದೆ. ನಡೆದು ಹೋದದ್ದನ್ನು ಕೇಳಬೇಕು.

ಮೊದಲ ಪ್ರಶ್ನೆ ಇದಿರಲಿ: ‘ಗಿರಾಕಿಗೆ ಕಟಿಂಗ್ ಸೇರಲಿಲ್ಲ ಅಂತ ಆದದ್ದು ಯಾವಾಗ? ಏನಾಗಿತ್ತು? ನೀವು ಏನು ಮಾಡಿದಿರಿ?’ ಹಾಗೆ ಆಗಿಯೇ ಇಲ್ಲ ಎನ್ನುವವರು ಒಂದೋ ಹೊಸಬರು, ಇಲ್ಲವೇ ಗಿರಾಕಿಯ ಮುಖ ನೋಡುವ ರೂಢಿ ಇಲ್ಲದವರು. ‘ಹಿಂದ ಬಹಳ ತೆಗೆದಿದ್ದೆ, ತಪ್ಪಾತು ಅಂದೆ, ದುಡ್ಡು ತಗೊಳ್ಳಲಿಲ್ಲ, ಎರಡು ವಾರ ಬಿಟ್ಟು ಬರ್ರಿ ಸೈಜು ಮಾಡಿ ಕೊಡ್ತೀನಿ ಅಂದೆ’ ಎನ್ನುವಲ್ಲಿ ವಿವರ ಇದೆ, ಹೊಣೆ ಇದೆ.

ಹೆಣ್ಣುಮಕ್ಕಳ ಪಾರ್ಲರಿಗೆ ಬರುವವರನ್ನು ಕೇಳಬೇಕಾದ ಪ್ರಶ್ನೆ ಬೇರೆ: ‘ಆರು ತಿಂಗಳಿಂದ ಪಾಕೀಟಿನ ಕರಿ ಮೆಹಂದಿ ಹಚ್ಚಿಕೊಳ್ಳುವ ಅಕ್ಕ ಒಬ್ಬರು ಬಂದು, ನಾಳೆ ಮಗಳ ನಿಶ್ಚಯ, ಇವತ್ತೇ ಕೂದಲು ಸ್ಟ್ರೇಟ್ನಿಂಗ್ ಮಾಡಿಕೊಡು ಅಂದರೆ?’ ಕರಿ ಮೆಹಂದಿಯ ಪುಡಿಗಳಲ್ಲಿ ಹೆಚ್ಚಾಗಿ ಪಿಪಿಡಿ ಎಂಬ ಬಣ್ಣದ ರಾಸಾಯನಿಕ ಇರುತ್ತದೆ, ಕೆಲವದರಲ್ಲಿ ಲೋಹದ ಲವಣಗಳೂ ಇರುತ್ತವೆ. ಅಂಥ ಕೂದಲಿನ ಮೇಲೆ ಸ್ಟ್ರೇಟ್ನಿಂಗ್ ಕ್ರೀಮು ಬಿದ್ದರೆ ಕೂದಲು ರಬ್ಬರಿನಂತೆ ಎಳೆದು ತುಂಡಾಗಬಹುದು. ಕಿವಿಯ ಹಿಂದಿನ ಒಂದು ಸಣ್ಣ ಎಳೆಗೆ ಹಚ್ಚಿ ನೋಡುತ್ತೇನೆ, ಆಗದಿದ್ದರೆ ಇವತ್ತು ಬರೀ ಬ್ಲೋ ಡ್ರೈ ಮಾಡಿ ನೇರ ಮಾಡಿಕೊಡುತ್ತೇನೆ ಎನ್ನುವುದು ಸರಿಯಾದ ಉತ್ತರ. ಬಣ್ಣದ ವಿಷಯ ಬಂದರೆ, ಮೊಣಕೈ ಒಳಗೋ ಕಿವಿಯ ಹಿಂದೋ ಸ್ವಲ್ಪ ಹಚ್ಚಿ 48 ತಾಸು ಕಾಯಬೇಕು ಎಂಬುದನ್ನು ತಾವಾಗಿಯೇ ಹೇಳಬೇಕು. ಬಂದ ದುಡ್ಡನ್ನು ಬೇಡ ಎನ್ನಲು ಬಲ್ಲವರನ್ನು ಈ ಪ್ರಶ್ನೆ ಹುಡುಕಿ ಕೊಡುತ್ತದೆ.

ಕೇಳಬಾರದ ಪ್ರಶ್ನೆಗಳೂ ಇವೆ. ಮದುವೆ ಯಾವಾಗ, ಮಕ್ಕಳ ವಿಚಾರ ಏನು ಎಂದು ಹುಡುಗಿಯರನ್ನು ಕೇಳುವುದು ಸಾಮಾನ್ಯವಾಗಿಬಿಟ್ಟಿದೆ. ನೇಮಕಾತಿಯಲ್ಲಿ ಹೆಣ್ಣು ಗಂಡೆಂಬ ಭೇದ ಮಾಡಬಾರದು ಎಂಬುದು 1976ರ ಸಮಾನ ವೇತನ ಕಾಯ್ದೆಯ ನಿಯಮವಾಗಿತ್ತು, ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯಲ್ಲೂ ಅದು ಇದೆ. ನಿಮಗೆ ಬೇಕಾದದ್ದು ಕೆಲಸದ ಮಾತು: ‘ಮದುವೆ ಸೀಸನ್ನಿನಲ್ಲಿ ಬೆಳಿಗ್ಗೆ 5ಕ್ಕೆ ಹೊರಡಬೇಕಾಗುತ್ತದೆ, ಆಗುತ್ತದೆಯೇ?’ ಅದನ್ನೇ ಕೇಳಿ, ಗಂಡು ಹೆಣ್ಣು ಇಬ್ಬರನ್ನೂ ಕೇಳಿ.

ಈ ಜಿಲ್ಲೆಯಲ್ಲಿ ಬಿಡಬಾರದ ಪ್ರಶ್ನೆ

2024ರ ಆಗಸ್ಟಿನಲ್ಲಿ ಯಲಬುರ್ಗಾ ತಾಲ್ಲೂಕಿನ ಸಂಗನಾಳದಲ್ಲಿ ಕ್ಷೌರದಂಗಡಿಗೆ ಹೋದ ದಲಿತ ಯುವಕನೊಬ್ಬ ಕತ್ತರಿಯ ಇರಿತಕ್ಕೆ ಬಲಿಯಾದ. ಕ್ಷೌರ ಮಾಡಲು ಒಪ್ಪದ್ದರಿಂದ ಜಗಳ ಶುರುವಾಯಿತು ಎಂದು ವರದಿಯಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ, ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಮೇಲೆ ನಡೆದ ದೌರ್ಜನ್ಯದ ಪ್ರಕರಣದಲ್ಲಿ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಕ್ಷೌರದಂಗಡಿ, ಹೋಟೆಲುಗಳಲ್ಲಿ ಪ್ರವೇಶ ಕೊಡದಿದ್ದದ್ದು ಆ ಊರಿನ ಕಲಹದ ಬೇರುಗಳಲ್ಲಿ ಒಂದಾಗಿತ್ತು.

ಈ ಎರಡೂ ಊರು ನಮ್ಮ ಜಿಲ್ಲೆಯವು. ಇಲ್ಲಿ ಅಂಗಡಿ ಇಟ್ಟವರು ಕೆಲಸಕ್ಕೆ ಬಂದವರನ್ನು ಕೇಳಲೇಬೇಕಾದ ಪ್ರಶ್ನೆ ಹೀಗಿದೆ: ‘ಕುಳಿತಿರುವ ಗಿರಾಕಿ ಒಬ್ಬರು, ಇನ್ನೊಬ್ಬರನ್ನು ತೋರಿಸಿ, ಅವನಿಗೆ ಮಾಡಿದ ಕತ್ತರಿ ನನಗೆ ಹಚ್ಚಬೇಡ ಅಂದರೆ ಏನು ಹೇಳುತ್ತೀರಿ?’ ಉತ್ತರ ತಡವರಿಸಿದರೆ ಅಚ್ಚರಿಯಿಲ್ಲ. ಹಳ್ಳಿಯಲ್ಲಿ ಊರಿನ ದೊಡ್ಡವರ ಮಾತು ಮೀರಿದರೆ ಅಂಗಡಿಯೇ ನಡೆಯದು ಎಂಬ ಭಯದಲ್ಲಿ ಬೆಳೆದವರು ಈ ಕಸುಬಿನಲ್ಲಿ ಬಹಳ ಜನ ಇದ್ದಾರೆ. ತಲೆತಲಾಂತರದಿಂದ ಈ ಕೆಲಸ ಮಾಡಿಕೊಂಡು ಬಂದ ಹಡಪದ ಸಮಾಜದವರೂ ಊರಿನಿಂದ ಸಲ್ಲಬೇಕಾದ ಗೌರವ ಪಡೆಯದೆ ನೊಂದವರೇ. ಹಾಗಾಗಿ ಇಲ್ಲಿ ಮಾಲೀಕರೇ ಮೊದಲು ತಮ್ಮ ನಿಲುವು ಹೇಳಬೇಕು: ‘ನಮ್ಮಲ್ಲಿ ಸರತಿ ಒಂದೇ, ಕುರ್ಚಿ ಒಂದೇ. ಯಾರಾದರೂ ತಕರಾರು ತೆಗೆದರೆ ನನ್ನನ್ನು ಕರೆಯಿರಿ, ನಾನು ನಿಮ್ಮ ಬೆನ್ನಿಗಿರುತ್ತೇನೆ.’ ಅದನ್ನು ಕೇಳಿದ ಮೇಲೂ ‘ನೋಡಿ ಮಾಡಬೇಕಾಗ್ತದ್ರಿ’ ಎನ್ನುವವರನ್ನು ತೆಗೆದುಕೊಳ್ಳಬಾರದು. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲುಗಳ ಪ್ರವೇಶದಲ್ಲಿ ಜಾತಿಯ ತಡೆಯನ್ನು ನಿಷೇಧಿಸಿದೆ. ಅಸ್ಪೃಶ್ಯತೆಯ ಕಾರಣಕ್ಕೆ ಸೇವೆ ನಿರಾಕರಿಸುವುದು 1955ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆಯ ಪ್ರಕಾರ ಶಿಕ್ಷೆಗೆ ಅರ್ಹವಾದ ಅಪರಾಧ.

ಇದೇ ನಿಯಮ ಮಾಲೀಕರಿಗೂ ಸಲ್ಲುತ್ತದೆ. ಕೆಲಸ ಕೇಳಿ ಬಂದವರ ಜಾತಿ ಕೇಳಿ ಕತ್ತರಿ ಕೊಡುವುದು, ಬಿಡುವುದು ಮಾಡಬಾರದು. ಸ್ವಉದ್ಯೋಗದ ಆರ್‌ಸೆಟಿ ಸಂಸ್ಥೆಗಳು ಬ್ಯೂಟಿ ಪಾರ್ಲರ್ ಕೆಲಸವನ್ನು ಸುಮಾರು ಒಂದು ತಿಂಗಳ ಉಚಿತ ತರಬೇತಿಯಲ್ಲಿ ಕಲಿಸುತ್ತವೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಇವಕ್ಕೆಲ್ಲ ಮಾದರಿ. ಈ ಸಂಸ್ಥೆಗಳಿಂದ ಎಲ್ಲ ಸಮುದಾಯದ ಹುಡುಗ ಹುಡುಗಿಯರು ಕಲಿತು ಬರುತ್ತಿದ್ದಾರೆ. ತಿಂಗಳ ತರಬೇತಿಯಿಂದ ಕೈ ಪೂರ್ತಿ ಕುದುರುವುದಿಲ್ಲ, ಪ್ರಮಾಣಪತ್ರ ನೋಡಿ ಪರೀಕ್ಷೆ ಬಿಡುವಂತೆಯೂ ಇಲ್ಲ.

ಇಬ್ಬರಲ್ಲಿ ಯಾರು?

ಒಂದು ಉದಾಹರಣೆ ಇಟ್ಟುಕೊಂಡು ಲೆಕ್ಕ ಹಾಕೋಣ. ಬಸ್ ನಿಲ್ದಾಣದ ಹತ್ತಿರ ಎರಡು ಕುರ್ಚಿಯ ಅಂಗಡಿ, ಬಂದವರು ಇಬ್ಬರು. ಮೊದಲನೆಯವನು ಬೆಂಗಳೂರಿನಲ್ಲಿ ಆರು ವರ್ಷ ದುಡಿದವನು, ಎರಡನೆಯವನು ತರಬೇತಿ ಮುಗಿಸಿ ಒಂದು ವರ್ಷ ಆದವನು. ಒಟ್ಟು 100 ಅಂಕ: ಗಿರಾಕಿಯನ್ನು ಕೇಳಿ ತಿಳಿಯುವುದಕ್ಕೆ 20, ಶುಚಿಗೆ 20, ಕಟಿಂಗಿಗೆ 30, ದಾಡಿಗೆ 20, ಮುಗಿತಾಯ ಮತ್ತು ಜಾಗ ಒಪ್ಪ ಮಾಡುವುದಕ್ಕೆ 10. ಶುಚಿಯಲ್ಲಿ 10ಕ್ಕಿಂತ ಕಡಿಮೆ ಬಂದರೆ ಒಟ್ಟು ಅಂಕ ನೋಡುವಂತೆಯೇ ಇಲ್ಲ.

ಮೊದಲನೆಯವನು 22 ನಿಮಿಷದಲ್ಲಿ ಮುಗಿಸಿದ. ಫೇಡಿನಲ್ಲಿ ಒಂದು ಗೆರೆಯಿಲ್ಲ. ಆದರೆ ‘ಎಷ್ಟು ಸಣ್ಣ’ ಎಂದು ಕೇಳಲಿಲ್ಲ, ಉಸ್ತರಾದಲ್ಲಿದ್ದ ಹಳೆಯ ಬ್ಲೇಡಿನಲ್ಲೇ ದಾಡಿಗೆ ಕೈಹಾಕಿದ, ಹೇಳದೆಯೇ ಕುತ್ತಿಗೆಗೂ ಕೈಹಾಕಿದ. ಕೇಳುವುದಕ್ಕೆ 8, ಶುಚಿಗೆ 6, ಕಟಿಂಗಿಗೆ 27, ದಾಡಿಗೆ 17, ಮುಗಿತಾಯಕ್ಕೆ 5, ಒಟ್ಟು 63. ಎರಡನೆಯವನು 45 ನಿಮಿಷ ತೆಗೆದುಕೊಂಡ. ಎಡಕಿವಿಯ ಹಿಂದೆ ಕೂದಲು ದಟ್ಟ ಉಳಿದಿತ್ತು. ಕೊನೆಗೆ ಎರಡೂ ಕೈಯ ಬೆರಳನ್ನು ಕಿವಿಗಳ ಹಿಂದಿಟ್ಟು ಕನ್ನಡಿಯಲ್ಲಿ ಹೋಲಿಸಿ ನೋಡಿದಾಗ ತಪ್ಪು ಅವನಿಗೇ ಕಂಡಿತು, ಸರಿ ಮಾಡಿದ. ಅವನಿಗೆ 17, 18, 20, 13, 9, ಒಟ್ಟು 77.

ತೆಗೆದುಕೊಳ್ಳಬೇಕಾದದ್ದು ಎರಡನೆಯವನನ್ನು. ತನ್ನ ತಪ್ಪನ್ನು ತಾನೇ ಹುಡುಕುವವನ ಕೈ ಮೂರು ತಿಂಗಳಲ್ಲಿ ಸುಧಾರಿಸುತ್ತದೆ. ಆದರೆ ಇದಕ್ಕೊಂದು ಮಿತಿಯಿದೆ. ಪಕ್ಕದ ಕುರ್ಚಿಯಲ್ಲಿ ಕಲಿಸುವವರು ಇರಬೇಕು. ಮಾಲೀಕರಿಗೇ ಕತ್ತರಿ ಹಿಡಿಯಲು ಬಾರದ ಅಂಗಡಿಯಾದರೆ ಕಟಿಂಗಿನಲ್ಲಿ 20 ಅಂಕದವನನ್ನು ಒಬ್ಬನೇ ನಿಲ್ಲಿಸುವುದು ಗಿರಾಕಿಗೂ ಅವನಿಗೂ ಅನ್ಯಾಯ. ಆಗ ಇಬ್ಬರನ್ನೂ ಬಿಟ್ಟು ಮೂರನೆಯವರಿಗೆ ಕಾಯಬೇಕು. ಅಂಕ ಕೊಡುವವರು ಇಬ್ಬರಿದ್ದರೆ ಒಳ್ಳೆಯದು. ಇಬ್ಬರೂ ಮಾತಾಡಿಕೊಳ್ಳುವ ಮೊದಲೇ ತಮ್ಮ ತಮ್ಮ ಚೀಟಿಯಲ್ಲಿ ಬರೆದಿಡಬೇಕು.

ಫೋನ್ ಹಿಡಿಯುವವರ ಪರೀಕ್ಷೆ

ನಾಲ್ಕೈದು ಜನ ಕೆಲಸ ಮಾಡುವ ಪಾರ್ಲರಿಗೆ ಮುಂದೆ ಕುಳಿತು ಫೋನ್, ಸರತಿ, ದುಡ್ಡು ನೋಡುವವರು ಬೇಕಾಗುತ್ತದೆ. ಇವರನ್ನು ಮುಖ ನೋಡಿ, ಮಾತು ಕೇಳಿ ತೆಗೆದುಕೊಳ್ಳುವುದೇ ಹೆಚ್ಚು. ಇವರಿಗೂ ಕೆಲಸವನ್ನೇ ಕೊಟ್ಟು ನೋಡಬೇಕು.

ಒಂದು ಡೈರಿ ಹಾಳೆ ಕೊಡಿ. ಭಾನುವಾರ, ಕೆಲಸ ಮಾಡುವ ಅಕ್ಕ ಒಬ್ಬರೇ. 10 ಗಂಟೆಗೆ ಹೇರ್ ಕಲರ್ ಇದೆ: ಹಚ್ಚಲು 20 ನಿಮಿಷ, ಬಿಡುವುದು 35 ನಿಮಿಷ, ತೊಳೆದು ಒಣಗಿಸಲು 25 ನಿಮಿಷ. ಈಗ ಪಕ್ಕದ ಕೋಣೆಯಿಂದ ನೀವೇ ಫೋನ್ ಮಾಡಿ, ಹುಬ್ಬು ಮಾಡಿಸಲು 10.30ಕ್ಕೆ ಬರಲೇ ಎಂದು ಕೇಳಿ. ಹುಬ್ಬಿಗೆ ಹತ್ತು ನಿಮಿಷ ಸಾಕು. ಬಣ್ಣ ಬಿಟ್ಟ 10.20ರಿಂದ 10.55ರವರೆಗೆ ಅಕ್ಕನ ಕೈ ಖಾಲಿ, ಆದ್ದರಿಂದ ಬರಬಹುದು. ಎರಡನೇ ಫೋನ್: ಅರ್ಧ ತಾಸಿನ ಕಟಿಂಗಿಗೆ 11 ಗಂಟೆಗೆ ಬರಲೇ? ಆಗ ಅಕ್ಕ ತಲೆ ತೊಳೆಯುತ್ತಿರುತ್ತಾರೆ. ‘11.30ಕ್ಕ ಬರ್ರಿ ಅಕ್ಕಾರ, ಕೂತು ಕಾಯೋದು ಇರಂಗಿಲ್ಲ’ ಎನ್ನಬೇಕು. ‘ಬರ್ರಿ ಬರ್ರಿ, ಮಾಡೋಣು’ ಎಂದು ಎಲ್ಲರಿಗೂ ಹೂಂ ಅನ್ನುವವರಿಂದಲೇ ಭಾನುವಾರ ಬಾಗಿಲಲ್ಲಿ ಜಗಳ ಆಗುವುದು.

ಮೂರನೇ ಫೋನ್ ಮದುಮಗಳ ಮೇಕಪ್ಪಿನದು. ತಾರೀಖು ಬರೆದುಕೊಂಡು ಇಟ್ಟುಬಿಟ್ಟರೆ ಅರ್ಧ ಕೆಲಸವೂ ಆಗಿಲ್ಲ. ಅಕ್ಷತೆ ಎಷ್ಟು ಗಂಟೆಗೆ, ಮನೆಯೋ ಕಲ್ಯಾಣ ಮಂಟಪವೋ, ಮದುಮಗಳ ಜೊತೆ ಇನ್ನೆಷ್ಟು ಜನ, ಮುಖಕ್ಕೆ ಯಾವುದಾದರೂ ಕ್ರೀಮು ಆಗದೆ ಇದ್ದದ್ದು ಉಂಟೇ, ಮುಂಗಡ ಎಷ್ಟು ಎಂದು ಕೇಳಬೇಕು. ಅಕ್ಷತೆ 9.30ಕ್ಕೆ ಇದ್ದರೆ ಮೇಕಪ್, ತುರುಬು, ಸೀರೆ ಸೇರಿ ಎರಡು ತಾಸಿನ ಕೆಲಸ, ಮನೆಯವರ ಶಾಸ್ತ್ರಕ್ಕೆ ಒಂದು ತಾಸು. ಆರೂವರೆಗೆ ಕೈಹಚ್ಚಬೇಕು ಎಂಬ ಲೆಕ್ಕ ಅವರಿಗೆ ಹೊಳೆಯಬೇಕು.

ದುಡ್ಡಿನ ಪರೀಕ್ಷೆ ಚಿಕ್ಕದು. ಬಿಲ್ 850 ರೂಪಾಯಿ. ನೀವು ಮೊಬೈಲಿನಿಂದ 500 ಕಳಿಸಿದ್ದೇನೆ ಎಂದು ಪರದೆ ತೋರಿಸಿ, 500ರ ನೋಟು ಕೊಡಿ. 150 ವಾಪಸು ಎಂಬ ಲೆಕ್ಕ ಸುಲಭ. ನೋಡಬೇಕಾದದ್ದು, ಗಿರಾಕಿಯ ಪರದೆ ನೋಡಿ ಹೂಂ ಅಂದರೋ, ಅಂಗಡಿಯ ಸೌಂಡ್ ಬಾಕ್ಸ್ ಮಾತಾಡುವವರೆಗೆ ಅಥವಾ ಅಂಗಡಿಯ ಫೋನಿನಲ್ಲಿ ಜಮಾ ಕಾಣುವವರೆಗೆ ನಿಂತರೋ ಎಂಬುದನ್ನು.

ಇವರಿಗೂ ಸರತಿಯ ಪ್ರಶ್ನೆ ಕೇಳಬೇಕು. ‘ಮೂವರು ಕಾಯುತ್ತ ಕುಳಿತಾಗ ಊರಿನ ದೊಡ್ಡ ಮನೆಯವರು ಬಂದು ಮೊದಲು ನಮಗೆ ಮಾಡಿ ಅಂದರೆ?’ ‘ಕುಂದರ್ರಿ ಅಕ್ಕಾರ, ನೀರು ತರ್ತೀನಿ, ಮೂರು ಮಂದಿ ಆದ ಮ್ಯಾಲೆ ನಿಮ್ಮ ಪಾಳಿ’ ಎಂದು ಮರ್ಯಾದೆಯಿಂದ, ಆದರೆ ಬದಲಿಸದಂತೆ ಹೇಳಬಲ್ಲವರು ಸಿಕ್ಕರೆ ಕರೆದು ಕೂರಿಸಿಕೊಳ್ಳಿ.

ಮಾಲೀಕರಿಗೆ ಒಂದು ಮಾತು

ಪರೀಕ್ಷೆಗೆ ಬಂದವರಿಗೆ ಅರ್ಧ ದಿನದ ಕೂಲಿ ಕೊಡಿ. ‘ಒಂದು ವಾರ ಮಾಡಿ ತೋರ್ಸು, ಆಮೇಲೆ ನೋಡೋಣು’ ಎಂದು ಪುಕ್ಕಟೆ ದುಡಿಸಿಕೊಂಡು ಕಳಿಸುವ ರೂಢಿ ಬಿಡಬೇಕು. ಒಬ್ಬರ ಕೈ ತಿಳಿಯಲು ಒಂದು ತಲೆ, ಒಂದು ದಾಡಿ, ಅರ್ಧ ತಾಸಿನ ಮಾತು ಸಾಕು. ಬೇಡ ಎಂದವರಿಗೆ ಯಾಕೆ ಬೇಡ ಎಂದು ಹೇಳಿ ಕಳಿಸಿ, ಬ್ಲೇಡ್ ಬದಲಿಸದ್ದಕ್ಕೆ ಕೆಲಸ ಹೋಯಿತು ಎಂದು ತಿಳಿದವನು ಮುಂದಿನ ಅಂಗಡಿಯಲ್ಲಿ ಬದಲಿಸುತ್ತಾನೆ. ತೆಗೆದುಕೊಂಡವರಿಗೆ ಸಂಬಳ, ರಜೆ, ಕೆಲಸದ ತಾಸು ಮೂರನ್ನೂ ಮೊದಲ ದಿನವೇ ಕಾಗದದ ಮೇಲೆ ಬರೆದು ಕೊಡಿ. ಅದರ ಕೆಳಗೆ ಇನ್ನೊಂದು ಸಾಲು ಬರೆಯಿರಿ: ಈ ಅಂಗಡಿಗೆ ಬಂದ ಪ್ರತಿಯೊಬ್ಬರಿಗೂ ಸರತಿಯ ಪ್ರಕಾರ, ಇದೇ ಕುರ್ಚಿಯಲ್ಲಿ, ಹೊಸ ಬ್ಲೇಡಿನಲ್ಲಿ ಕೆಲಸ ಮಾಡಬೇಕು. ಕೆಳಗೆ ಅವರು ಸಹಿ ಮಾಡಲಿ, ನೀವೂ ಮಾಡಿ.